ಉಳಿತಾಯವೆಂದರೆ ಯಾವುದು, ಹೇಳಿ

ಅರ್ಥಶಾಸ್ತ್ರದ ಪಿಎಚ್.ಡಿ. ವೈವಾ ನಡೆಯುವ ಕೋಣೆಯಲ್ಲಿ ಪ್ರೊಜೆಕ್ಟರ್ ಸರಿಯಾಗುವ ಹೊತ್ತಿಗೆ ಬಾಹ್ಯ ಪರೀಕ್ಷಕರು ಮಹಾಪ್ರಬಂಧದ ಪುಟಗಳಿಗೆ ಅಂಟಿಸಿದ ಹಳದಿ ಚೀಟಿಗಳನ್ನು ಎಣಿಸುತ್ತಿರುತ್ತಾರೆ. ಕುಟುಂಬಗಳ ಉಳಿತಾಯದ ಮೇಲಿನ ಪ್ರಬಂಧವಾದರೆ ಆ ಚೀಟಿಗಳಲ್ಲಿ ಹೆಚ್ಚಿನವು ಒಂದೇ ಅಧ್ಯಾಯದಲ್ಲಿರುತ್ತವೆ. ಅದು ಕೇನ್ಸ್, ಫ್ರೀಡ್‌ಮನ್, ಮೊಡಿಗ್ಲಿಯಾನಿಯರ ಸಿದ್ಧಾಂತಗಳ ಅಧ್ಯಾಯವಲ್ಲ, ಅಂಕಿಅಂಶ ಕಲೆಹಾಕಿದ ಬಗೆ ಹೇಳುವ ಅಧ್ಯಾಯ. ವಿದ್ಯಾರ್ಥಿಗಳು ರಾತ್ರಿಯೆಲ್ಲಾ ಉರು ಹೊಡೆಯುವುದು ಮಾತ್ರ ಸಿದ್ಧಾಂತವನ್ನೇ.

ತಯಾರಿ ಶುರುವಾಗಬೇಕಾದದ್ದು ಪರೀಕ್ಷಕರ ವರದಿಯಿಂದ. ಯುಜಿಸಿಯ 2022ರ ನಿಯಮದಂತೆ ಪ್ರಬಂಧವನ್ನು ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಓದಿ ವರದಿ ಕೊಟ್ಟ ಮೇಲೆಯೇ ವೈವಾ. ಅವರಲ್ಲಿ ಒಬ್ಬರಾದರೂ ಎದುರಿಗೆ ಕೂರುತ್ತಾರೆ. ವರದಿಯಲ್ಲಿ ಎತ್ತಿದ ಆಕ್ಷೇಪ ವೈವಾದಲ್ಲಿ ಪ್ರಶ್ನೆಯಾಗಿ ಬರುವುದು ಬಹುತೇಕ ಖಚಿತ. ಹಾಗಾಗಿ ವರದಿಯ ಒಂದೊಂದು ಮಾತಿಗೂ ಪ್ರಬಂಧದ ಯಾವ ಪುಟದಲ್ಲಿ ಉತ್ತರವಿದೆ ಎಂದು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಒಂದು ಕಲ್ಪಿತ ಪ್ರಬಂಧವನ್ನು ಎದುರಿಗಿಟ್ಟುಕೊಂಡು ನೋಡೋಣ. ಸಂಶೋಧಕಿ ಮಂಡ್ಯ ಜಿಲ್ಲೆಯ 200 ಮನೆಗಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿದ್ದಾಳೆ. ಪರೀಕ್ಷಕರ ಮೊದಲ ಪ್ರಶ್ನೆ ಸರಳವಾಗಿಯೇ ಇರುತ್ತದೆ: "ಉಳಿತಾಯ ಅಂದರೆ ಏನೇನನ್ನು ಲೆಕ್ಕಕ್ಕೆ ತಗೊಂಡಿದ್ದೀರಿ?"

"ಆದಾಯದಲ್ಲಿ ಖರ್ಚು ಕಳೆದರೆ ಉಳಿಯುವುದು ಸರ್" ಎಂದರೆ ಉತ್ತರ ತಪ್ಪಲ್ಲ, ಆದರೆ ಮುಂದಿನ ಪ್ರಶ್ನೆಗೆ ಬಾಗಿಲು ತೆರೆದಂತಾಗುತ್ತದೆ. ಪರೀಕ್ಷಕರು ಒಂದು ಮನೆಯ ಪ್ರಶ್ನಾವಳಿಯನ್ನೇ ತೆಗೆಸುತ್ತಾರೆ. ಆ ಮನೆಯ ತಿಂಗಳ ಆದಾಯ 32,000 ರೂಪಾಯಿ, ಖರ್ಚು 27,500. ಉಳಿದದ್ದು 4,500. ಅದೇ ಪ್ರಶ್ನಾವಳಿಯ ಇನ್ನೊಂದು ಪುಟದಲ್ಲಿ ಆ ತಿಂಗಳು ಕಟ್ಟಿದ ಹಣದ ಪಟ್ಟಿಯಿದೆ: ಚೀಟಿಗೆ 3,000, ಸ್ವಸಹಾಯ ಸಂಘಕ್ಕೆ 400, ಎಲ್‌ಐಸಿ ಎಂಡೋಮೆಂಟ್ ಪಾಲಿಸಿಗೆ 1,200, ಅಂಚೆ ಕಚೇರಿಯ ಆರ್.ಡಿ.ಗೆ 1,000. ಒಟ್ಟು 5,600. ಉಳಿದದ್ದಕ್ಕಿಂತ ಉಳಿಸಿದ್ದು 1,100 ರೂಪಾಯಿ ಹೆಚ್ಚು! ಎಲ್ಲಿಂದ ಬಂತು?

ಇಲ್ಲಿ ತಡವರಿಸುವವರೇ ಹೆಚ್ಚು. ಕೆಲವರು ಮನೆಯವರು ಆದಾಯ ಮುಚ್ಚಿಟ್ಟರು ಎಂದು ಅವರ ಮೇಲೆ ಹೊರಿಸಿಬಿಡುತ್ತಾರೆ. ಅದೂ ಇರಬಹುದು, ಆದರೆ ಮೊದಲು ಲೆಕ್ಕ ಬಿಚ್ಚಬೇಕು. ಖರ್ಚಿನ 27,500ರಲ್ಲಿ ಬೈಕ್ ಸಾಲದ ಕಂತು 2,600 ಸೇರಿಕೊಂಡಿದೆ. ಅದರಲ್ಲಿ ಬಡ್ಡಿ 600 ಮಾತ್ರ ಖರ್ಚು. ಅಸಲಿಗೆ ಹೋದ 2,000 ಸಾಲವನ್ನು ಇಳಿಸುತ್ತದೆ, ಆದ್ದರಿಂದ ಅದು ಉಳಿತಾಯವೇ. ಹಾಗೆ ತಿದ್ದಿದರೆ ಆದಾಯ-ಖರ್ಚಿನ ದಾರಿಯಲ್ಲಿ ಸಿಗುವ ಉಳಿತಾಯ 6,500. ಇನ್ನೊಂದು ದಾರಿಯಲ್ಲಿ 5,600ಕ್ಕೆ ಈ 2,000 ಸೇರಿ 7,600 ಆಗುತ್ತದೆ. ಆದರೆ ಚೀಟಿ ಕಂತಿಗೆ ಹಣ ಸಾಲದೆ ಆ ತಿಂಗಳು ಪಕ್ಕದ ಮನೆಯಿಂದ 1,000 ಕೈಸಾಲ ತಂದಿದ್ದಾರೆ. ಅದನ್ನು ಕಳೆದರೆ 6,600. ಉಳಿದ ನೂರು ರೂಪಾಯಿ ವ್ಯತ್ಯಾಸ ನೆನಪಿನಿಂದ ಹೇಳಿದ ಲೆಕ್ಕದಲ್ಲಿ ಸಹಜ. ವೈವಾಕ್ಕೆ ಮುಂಚೆ ಹೀಗೆ ನಾಲ್ಕೈದು ಮನೆಗಳ ಲೆಕ್ಕವನ್ನು ಎರಡೂ ದಾರಿಯಲ್ಲಿ ತಾಳೆ ಹಾಕಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡವರು ಈ ಪ್ರಶ್ನೆಗೆ ಹೆದರಬೇಕಾಗಿಲ್ಲ.

ಚೀಟಿಯ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. "ಈ ಮನೆಯವರು ಚೀಟಿ ಎತ್ತಿದ್ದಾರೋ, ಇಲ್ಲವೋ?" ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಎತ್ತುವ ತನಕ ಕಟ್ಟಿದ ಕಂತು ಆಸ್ತಿ, ಎತ್ತಿದ ಮೇಲೆ ಕಟ್ಟುವುದು ಸಾಲ ತೀರಿಕೆ. ನಿವ್ವಳ ಉಳಿತಾಯದಲ್ಲಿ ಎರಡಕ್ಕೂ ಜಾಗವಿದೆ. ಆದರೆ ಎತ್ತಿದ ತಿಂಗಳು ಕೈಗೆ ಬಂದ ಮೊತ್ತವನ್ನು ಆದಾಯದ ಕಾಲಂನಲ್ಲಿ ಬರೆದಿದ್ದರೆ ಇಡೀ ಕೋಷ್ಟಕವೇ ಕೆಟ್ಟಂತೆ. ಒಂದು ಮನೆಯ ಆದಾಯ ಒಂದೇ ತಿಂಗಳು ವಿಪರೀತ ಏರಿದ್ದು ಕಂಡರೆ ಇದೇ ತಪ್ಪನ್ನು ಮೊದಲು ಹುಡುಕಬೇಕು.

ಎರಡನೇ ಕಂಟಕ, ಉಳಿತಾಯ ಸೊನ್ನೆಗಿಂತ ಕೆಳಗಿಳಿದ ಮನೆಗಳು. ನಮ್ಮ ಉದಾಹರಣೆಯ 200ರಲ್ಲಿ 38 ಮನೆಗಳು ಮದುವೆ, ಆಸ್ಪತ್ರೆ, ಬೋರ್‌ವೆಲ್ ಎಂದು ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿವೆ ಎಂದುಕೊಳ್ಳಿ. ಋಣ ಸಂಖ್ಯೆಗೆ ಲಾಗ್ ತೆಗೆಯಲಾಗದು ಎಂಬ ಕಾರಣಕ್ಕೆ ಸಂಶೋಧಕಿ ಅವನ್ನು ಕೈಬಿಟ್ಟಿದ್ದಾಳೆ. ಉಳಿದ 162 ಮನೆಗಳ ಸರಾಸರಿ ಉಳಿತಾಯ 5,000 ಬಂದಿದೆ. ಕೈಬಿಟ್ಟ ಮನೆಗಳಲ್ಲಿ ಸರಾಸರಿ 4,000 ಕೊರತೆಯಿದ್ದರೆ 200 ಮನೆಗಳ ನಿಜವಾದ ಸರಾಸರಿ 3,290ಕ್ಕೆ ಇಳಿಯುತ್ತದೆ. ಅಂದರೆ ಕಷ್ಟದಲ್ಲಿದ್ದ ಮನೆಗಳನ್ನು ಹೊರಗಿಟ್ಟು ಜಿಲ್ಲೆಯನ್ನೇ ಹೆಚ್ಚು ಉಳಿಸುವ ಜಿಲ್ಲೆಯಾಗಿ ತೋರಿಸಿದಂತಾಯಿತು. ಕೈಬಿಟ್ಟದ್ದನ್ನು ಸಮರ್ಥಿಸಲು ಹೋಗುವುದಕ್ಕಿಂತ, ಎಲ್ಲ ಮನೆಗಳನ್ನೂ ಸೇರಿಸಿ ಲಾಗ್ ಇಲ್ಲದೆ ಮಾಡಿದ ಲೆಕ್ಕವನ್ನು ಜೊತೆಗಿಟ್ಟುಕೊಂಡು, ಯಾವ ತೀರ್ಮಾನ ನಿಂತಿತು, ಯಾವುದು ಬಿತ್ತು ಎಂದು ತೋರಿಸುವುದೇ ಸರಿಯಾದ ಉತ್ತರ.

ದೇಶದ ಅಂಕಿಯನ್ನು ಎದುರಿಗಿಟ್ಟು ಕೆಣಕುವ ಪ್ರಶ್ನೆಯೂ ಬರುತ್ತದೆ. 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ. 5.1ಕ್ಕೆ ಇಳಿಯಿತು ಎಂದು ರಿಸರ್ವ್ ಬ್ಯಾಂಕಿನ ಮೊದಲ ಅಂದಾಜು 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಕೋವಿಡ್ ವರ್ಷವಾದ 2020-21ರಲ್ಲಿ ಅದು ಶೇ. 11.5ರಷ್ಟಿತ್ತು. "ನಿಮ್ಮ ಮನೆಗಳು ಶೇ. 20 ಉಳಿಸುತ್ತಿವೆಯಂತಲ್ಲ, ರಿಸರ್ವ್ ಬ್ಯಾಂಕ್ ಸುಳ್ಳು ಹೇಳುತ್ತಿದೆಯಾ?" ಎಂದು ಪರೀಕ್ಷಕರು ಮುಖ ಗಂಟಿಕ್ಕಿಕೊಂಡು ಕೇಳಬಹುದು.

ಎರಡೂ ಒಂದೇ ಅಳತೆಯಲ್ಲ ಎಂಬುದೇ ಉತ್ತರ. ಒಂದು ದೇಶದ ಜಿಡಿಪಿಯ ಪಾಲು, ಇನ್ನೊಂದು ಆಯಾ ಮನೆಯ ಆದಾಯದ ಪಾಲು. ರಿಸರ್ವ್ ಬ್ಯಾಂಕಿನ ಆ ಅಂಕಿ ಠೇವಣಿ, ವಿಮೆ, ಪಿಎಫ್, ಷೇರುಗಳಂಥ ಹಣಕಾಸು ಆಸ್ತಿಯಲ್ಲಿ ಹೊಸ ಸಾಲ ಕಳೆದು ಬಂದದ್ದು. ಸಾಲ ಮಾಡಿ ಮನೆ ಕಟ್ಟಿದರೆ ಸಾಲ ಅಲ್ಲಿ ಕಾಣುತ್ತದೆ, ಮನೆ ಕಾಣುವುದಿಲ್ಲ. ಆಗ ಹಣಕಾಸು ಸಚಿವಾಲಯ ಕೊಟ್ಟ ಸಮಜಾಯಿಷಿಯೂ ಇದೇ ಧಾಟಿಯದು: ಜನ ಮನೆ, ವಾಹನಗಳಿಗಾಗಿ ಸಾಲ ಮಾಡುತ್ತಿದ್ದಾರೆ ಎಂದು. ಇನ್ನೂ ಒಂದು ಸಂಗತಿ ಸೇರಿಸಿದರೆ ಪರೀಕ್ಷಕರ ಮುಖ ಅರಳುತ್ತದೆ. ರಾಷ್ಟ್ರೀಯ ಲೆಕ್ಕದಲ್ಲಿ 'ಕುಟುಂಬ ವಲಯ' ಎಂದರೆ ಬರೀ ಮನೆಗಳಲ್ಲ, ಕಂಪನಿಯಾಗಿ ನೋಂದಣಿಯಾಗದ ಕಿರಾಣಿ ಅಂಗಡಿ, ಗ್ಯಾರೇಜುಗಳೂ ಅದರಲ್ಲಿವೆ.

ಇನ್ನು ಕಾರಣ-ಪರಿಣಾಮದ ಪ್ರಶ್ನೆ. ಸಂಘದ ಸದಸ್ಯೆಯರಿರುವ ಮನೆಗಳಲ್ಲಿ ಉಳಿತಾಯ ಹೆಚ್ಚು ಎಂದು ಕೋಷ್ಟಕ ಹೇಳುತ್ತದೆ. ಸಂಘದಿಂದಲೇ ಹೆಚ್ಚಿತು ಎಂದು ಹೇಳಲು ಅಷ್ಟು ಸಾಲದು. ಮೊದಲೇ ಉಳಿಸುವ ಸ್ವಭಾವದವರು ಸಂಘ ಸೇರಿರಬಹುದು. ಸೇರುವ ಮುಂಚಿನ ಲೆಕ್ಕ ಇಲ್ಲದಿದ್ದರೆ "ಸಂಬಂಧವಿದೆ, ಕಾರಣವೆನ್ನಲು ನನ್ನ ಬಳಿ ಆಧಾರವಿಲ್ಲ ಮೇಡಂ" ಎಂದು ಒಪ್ಪಿಕೊಳ್ಳುವುದರಿಂದ ಅಂಕ ಹೋಗುವುದಿಲ್ಲ. ಪ್ರಬಂಧದ ಸಾರಾಂಶದಲ್ಲಿ 'ಪರಿಣಾಮ' ಎಂದು ಬರೆದು ಬಾಯಲ್ಲಿ 'ಸಂಬಂಧ' ಎಂದರೆ ಮಾತ್ರ ಸಿಕ್ಕಿಬೀಳುತ್ತಾರೆ.

ಕೊನೆಯ ಪ್ರಶ್ನೆ ಸಾಮಾನ್ಯವಾಗಿ ಶಿಫಾರಸುಗಳದ್ದು. 'ಜನರಲ್ಲಿ ಹಣಕಾಸು ಸಾಕ್ಷರತೆ ಹೆಚ್ಚಿಸಬೇಕು' ಎಂಬ ಸಾಲು ಇಂಥ ಪ್ರಬಂಧಗಳಲ್ಲಿ ತಪ್ಪದೆ ಇರುತ್ತದೆ. ಯಾವ ಕೋಷ್ಟಕದಿಂದ ಬಂತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಕಂತು ತಪ್ಪಿಸಲು ಕಾರಣ ಬ್ಯಾಂಕಿನ ದೂರ ಎಂದು ಮನೆಗಳು ಹೇಳಿದ್ದರೆ, ಶಿಫಾರಸು ಆ ದೂರದ ಬಗ್ಗೆಯೇ ಇರಬೇಕು. ಆಗ ಸಂಶೋಧಕಿ ದೂರ ಹೋಗಬೇಕಿಲ್ಲ. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿದಾಗ ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸುತ್ತಿದ್ದರು. ಇದನ್ನು ತನ್ನ ಕೋಷ್ಟಕದ ಪಕ್ಕದಲ್ಲಿಟ್ಟು ಮಾತಾಡಿದರೆ, ಪರೀಕ್ಷಕರ ಮುಂದಿನ ಪ್ರಶ್ನೆ ಏಜೆಂಟರ ಕಮಿಷನ್ ಯಾರು ಕೊಡಬೇಕು ಎಂಬುದಾಗಿರುತ್ತದೆ. ಅದಕ್ಕೂ ಒಂದು ಲೆಕ್ಕ ಸಿದ್ಧವಿರಲಿ.