ಸಾಲ ಮಾರ್ಕ್‌ನಲ್ಲಿ, ಕಂತು ಡಾಲರ್‌ನಲ್ಲಿ

ಹೊರದೇಶದ ಹಣದಲ್ಲಿ ಸಾಲ ಮಾಡಿದ ಕಂಪನಿಗೆ ಬಡ್ಡಿಯ ಜೊತೆಗೆ ವಿನಿಮಯ ದರದ ಚಿಂತೆಯೂ ಇರುತ್ತದೆ. ಗಳಿಕೆ ತನ್ನ ದೇಶದ ಹಣದಲ್ಲಿ, ಕಂತು ಮಾತ್ರ ಬೇರೆ ಹಣದಲ್ಲಿ. ಆ ಹಣ ದುಬಾರಿಯಾದರೆ ತೀರಿಸಬೇಕಾದ ಸಾಲವೂ ಹಿಗ್ಗುತ್ತದೆ. ಹಳೆಯ ಸಾಲವನ್ನು ಮುಟ್ಟದೆಯೇ ಈ ಚಿಂತೆ ಕಳೆದುಕೊಳ್ಳುವ ದಾರಿ ಕರೆನ್ಸಿ ಸ್ವಾಪ್. 1981ರ ಆಗಸ್ಟ್‌ನಲ್ಲಿ ಅಮೆರಿಕದ ಐಬಿಎಂ ಕಂಪನಿ ವಿಶ್ವಬ್ಯಾಂಕ್ ಜೊತೆ ಮಾಡಿಕೊಂಡ ಒಪ್ಪಂದದಿಂದ ಈ ದಾರಿ ಹೆಸರಾಯಿತು.

ಐಬಿಎಂ ಅದಕ್ಕೂ ಮುಂಚೆ ಜರ್ಮನ್ ಮಾರ್ಕ್ ಮತ್ತು ಸ್ವಿಸ್ ಫ್ರಾಂಕ್‌ಗಳಲ್ಲಿ ಬಾಂಡ್ ಹೊರಡಿಸಿ ಸಾಲ ಎತ್ತಿತ್ತು. ಆಮೇಲೆ ಡಾಲರ್ ಬಲಗೊಂಡಿತು. 1980ರ ಮಾರ್ಚ್‌ನ ದರದಲ್ಲಿ 100 ಮಾರ್ಕ್ ಬಡ್ಡಿ ಕಟ್ಟಲು 51.81 ಡಾಲರ್ ಬೇಕಿತ್ತು. 1981ರ ಆಗಸ್ಟ್‌ಗೆ 39.68 ಡಾಲರ್ ಸಾಕಾಯಿತು. ಆದರೆ ಈ ಲಾಭ ಇನ್ನೂ ಕೈಗೆ ಬಂದಿರಲಿಲ್ಲ. ಮಾರ್ಕ್ ಮತ್ತೆ ಏರಿದರೆ ಅದು ಕರಗಿಹೋಗುತ್ತಿತ್ತು.

ವಿಶ್ವಬ್ಯಾಂಕ್‌ನ ಅಗತ್ಯ ಇದಕ್ಕೆ ಸರಿಯಾಗಿ ಎದುರಿನದು. ಆಗ ಬಡ್ಡಿ ದರ ಅಮೆರಿಕದಲ್ಲಿ ಸುಮಾರು ಶೇ 17, ಪಶ್ಚಿಮ ಜರ್ಮನಿಯಲ್ಲಿ ಶೇ 12, ಸ್ವಿಟ್ಜರ್ಲೆಂಡ್‌ನಲ್ಲಿ ಶೇ 8. ಅದಕ್ಕೆ ಕಡಿಮೆ ಬಡ್ಡಿಯ ಮಾರ್ಕ್, ಫ್ರಾಂಕ್ ಸಾಲವೇ ಬೇಕಿತ್ತು. ಆದರೆ ಆ ಮಾರುಕಟ್ಟೆಗಳಲ್ಲಿ ಅದಾಗಲೇ ಸಾಕಷ್ಟು ಸಾಲ ಎತ್ತಿದ್ದರಿಂದ ಇನ್ನೂ ಹೆಚ್ಚು ಪಡೆಯುವುದು ಕಷ್ಟವಾಗಿತ್ತು.

ಇವರಿಬ್ಬರನ್ನು ಸಾಲೊಮನ್ ಬ್ರದರ್ಸ್ ಸಂಸ್ಥೆ ಸೇರಿಸಿತು. ವಿಶ್ವಬ್ಯಾಂಕ್ ಡಾಲರ್ ಬಾಂಡ್ ಹೊರಡಿಸಿತು. ಬಂದ ಡಾಲರನ್ನು ಮಾರಿ ತನಗೆ ಬೇಕಾದ ಮಾರ್ಕ್, ಫ್ರಾಂಕ್ ಕೊಂಡಿತು. ಐಬಿಎಂನ ಮುಂದಿನ ಎಲ್ಲ ಕಂತುಗಳ ಅಂದಿನ ಬೆಲೆಗೆ ಸರಿಹೊಂದುವಂತೆ ಹೊಸ ಸಾಲದ ಮೊತ್ತವನ್ನು ಲೆಕ್ಕಹಾಕಲಾಗಿತ್ತು. ಅಲ್ಲಿಂದ ಮುಂದೆ ಐಬಿಎಂ ಕಟ್ಟಬೇಕಿದ್ದ ಮಾರ್ಕ್ ಮತ್ತು ಫ್ರಾಂಕ್‌ಗಳನ್ನು ವಿಶ್ವಬ್ಯಾಂಕ್ ಒದಗಿಸಬೇಕು. ವಿಶ್ವಬ್ಯಾಂಕ್ ಕಟ್ಟಬೇಕಿದ್ದ ಡಾಲರನ್ನು ಐಬಿಎಂ ಒದಗಿಸಬೇಕು. ಬಡ್ಡಿಗೂ ಅಸಲಿಗೂ ಇದೇ ಕಟ್ಟಳೆ. ಹೀಗೆ ಐಬಿಎಂನ ವಿದೇಶಿ ಸಾಲ, ಎಷ್ಟೆಂದು ಮೊದಲೇ ಗೊತ್ತಿರುವ ಡಾಲರ್ ಕಂತುಗಳಾಗಿ ಬದಲಾಯಿತು.

ಬಾಂಡ್ ಕೊಂಡವರ ಪಾಲಿಗೆ ಏನೂ ಬದಲಾಗಲಿಲ್ಲ. ಜರ್ಮನ್ ಬಾಂಡ್‌ದಾರರಿಗೆ ಕಾನೂನಿನ ಪ್ರಕಾರ ಸಾಲಗಾರ ಐಬಿಎಂ ಮಾತ್ರ. ವ್ಯವಸ್ಥೆಯ ಅಪಾಯವೂ ಇಲ್ಲೇ ಇದೆ. ಎದುರಿನವರು ಕೈಕೊಟ್ಟರೆ ಐಬಿಎಂ ಡಾಲರ್ ಕೊಡುವುದನ್ನು ನಿಲ್ಲಿಸಬಹುದು, ಆದರೆ ಅಂದಿನ ಪೇಟೆ ದರದಲ್ಲಿ ಮಾರ್ಕ್ ಕೊಂಡು ತಾನೇ ಕಟ್ಟಬೇಕು. ಮಾರ್ಕ್ ಏರಿದ್ದರೆ ನಷ್ಟವಾಗುವುದು ಇಡೀ ಸಾಲವಲ್ಲ, ದರದ ವ್ಯತ್ಯಾಸ. ಎದುರಿನವರು ವಿಶ್ವಬ್ಯಾಂಕ್‌ನಂಥ ಭದ್ರ ಸಂಸ್ಥೆಯಾಗಿದ್ದರಿಂದ ಈ ಅಪಾಯ ಬಹಳ ಚಿಕ್ಕದಿತ್ತು. ಮುಂದೆ ಇಂಥ ಒಪ್ಪಂದಗಳಲ್ಲಿ ಬ್ಯಾಂಕುಗಳು ನಡುವೆ ನಿಂತು ಎರಡೂ ಕಡೆಯ ಹೊಣೆ ಹೊರತೊಡಗಿದವು.

ಡಾಲರ್ 1985ರ ಆರಂಭದವರೆಗೂ ಏರುತ್ತಲೇ ಹೋಯಿತು. ಕಾದಿದ್ದರೆ ಐಬಿಎಂಗೆ ಇನ್ನಷ್ಟು ಲಾಭವಾಗುತ್ತಿತ್ತು ಎನ್ನಬಹುದು. ಆದರೆ ಸ್ವಾಪ್ ಮಾಡಿಕೊಂಡವರು ಕೈಬಿಡುವುದು ಅದನ್ನೇ: ದರ ಕೆಟ್ಟಾಗಿನ ನಷ್ಟದ ಜೊತೆಗೆ, ಒಳ್ಳೆಯದಾದಾಗಿನ ಲಾಭವನ್ನೂ.