ಟೆಂಡರ್ ನಡವಳಿಯಲ್ಲಿ ಒಂದು ಅಂಕದ ಕಾರಣ

ಟೆಂಡರಿಗೆ ಬಂದ ಬಿಡ್‌ಗಳನ್ನು ಸಮಿತಿ ಹೇಗೆ ಹೋಲಿಸಿತು, ಯಾರಿಗೆ ಎಷ್ಟು ಅಂಕ ಕೊಟ್ಟಿತು, ಏಕೆ ಕೊಟ್ಟಿತು, ಕೊನೆಗೆ ಯಾರ ಹೆಸರನ್ನು ಶಿಫಾರಸು ಮಾಡಿತು ಎಂಬುದನ್ನು ದಾಖಲಿಸುವ ಕಾಗದವೇ ಸಭಾ ನಡವಳಿ. ಸಮಿತಿಯದು ಶಿಫಾರಸು ಮಾತ್ರ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ ಬಿಡ್ ಒಪ್ಪುವ ಅಧಿಕಾರ ಟೆಂಡರ್ ಅಂಗೀಕಾರ ಪ್ರಾಧಿಕಾರದ್ದು. ಸಭೆಯಲ್ಲಿ ಕೂರದ ಆ ಪ್ರಾಧಿಕಾರಕ್ಕೆ ನಡವಳಿಯೇ ಕಣ್ಣು.

ಕುರ್ಚಿ, ಕಂಪ್ಯೂಟರ್ ಕೊಳ್ಳುವಾಗ ನಡವಳಿ ಚಿಕ್ಕದು: ಅರ್ಹರಾದವರಲ್ಲಿ ಕಡಿಮೆ ದರ ಯಾರದೆಂದು ನೋಡಿದರೆ ಮುಗಿಯಿತು. ಸಲಹೆಗಾರರನ್ನು ಆರಿಸುವಾಗ ಗುಣಮಟ್ಟಕ್ಕೂ ದರಕ್ಕೂ ಅಂಕ ಇಟ್ಟಿದ್ದರೆ ಕೆಲಸ ಸೂಕ್ಷ್ಮವಾಗುತ್ತದೆ.

ಒಂದು ಕಲ್ಪಿತ ಉದಾಹರಣೆ. ಒಂದು ನಗರಸಭೆಗೆ ಒಳಚರಂಡಿ ಯೋಜನಾ ವರದಿ ಬೇಕು. ತಾಂತ್ರಿಕ ಅಂಕಕ್ಕೆ ನೂರಕ್ಕೆ 70, ದರಕ್ಕೆ 30 ಪಾಲು. ತಾಂತ್ರಿಕದಲ್ಲಿ ಕನಿಷ್ಠ 75 ಬರಬೇಕು. ‘ಅ’ ಸಂಸ್ಥೆಗೆ 88, ‘ಬ’ಗೆ 80, ‘ಕ’ಗೆ 72 ಬಂತು. ‘ಕ’ದ ಆರ್ಥಿಕ ಲಕೋಟೆಯನ್ನು ತೆರೆಯುವುದೇ ಇಲ್ಲ. ‘ಅ’ ಕೇಳಿದ್ದು 50 ಲಕ್ಷ, ‘ಬ’ 40 ಲಕ್ಷ. ಕಡಿಮೆ ದರದ ‘ಬ’ಗೆ ದರದಲ್ಲಿ ಪೂರ್ತಿ 100, ‘ಅ’ಗೆ 40ನ್ನು 50ರಿಂದ ಭಾಗಿಸಿದ ಲೆಕ್ಕದಲ್ಲಿ 80. ಪಾಲು ಹಾಕಿ ಕೂಡಿದರೆ ‘ಅ’ಗೆ 61.6 ಮತ್ತು 24, ಒಟ್ಟು 85.6. ‘ಬ’ಗೆ 56 ಮತ್ತು 30, ಒಟ್ಟು 86. ಗೆದ್ದದ್ದು ‘ಬ’.

ತಾಂತ್ರಿಕದಲ್ಲಿ ‘ಅ’ಗೆ ಇನ್ನೊಂದೇ ಅಂಕ ಸಿಕ್ಕಿದ್ದರೆ ಒಟ್ಟು 86.3 ಆಗಿ ಫಲಿತಾಂಶ ತಿರುಗುತ್ತಿತ್ತು. ಹಾಗಾಗಿ ಆ ಸಂಸ್ಥೆ ಅಂಕ ಕಳೆದುಕೊಂಡದ್ದೆಲ್ಲಿ ಎಂಬುದೇ ನಡವಳಿಯ ಜೀವಾಳ. ‘ಅನುಭವ ತೃಪ್ತಿಕರವಾಗಿಲ್ಲ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಪೂರ್ಣಗೊಂಡ ಪ್ರತಿ ಕಾಮಗಾರಿಗೆ 5 ಅಂಕ ಎಂಬುದು ಟೆಂಡರ್ ದಾಖಲೆಯ ಷರತ್ತು, ಮೂರನೆಯದರ ಪ್ರಮಾಣಪತ್ರದಲ್ಲಿ ಕೆಲಸ ಪ್ರಗತಿಯಲ್ಲಿದೆ ಎಂದಿರುವುದರಿಂದ ಅಂಕ ನೀಡಿಲ್ಲ’ ಎಂದಿದ್ದರೆ, ಯಾರು ಬೇಕಾದರೂ ಪುಟ ತೆರೆದು ತಾಳೆ ನೋಡಬಹುದು. ಟೆಂಡರ್ ದಾಖಲೆಯಲ್ಲಿ ಇಲ್ಲದ ಮಾನದಂಡಕ್ಕೆ ಅಂಕ ಕೊಡುವಂತಿಲ್ಲ, ಅದು ಎಷ್ಟೇ ನ್ಯಾಯವೆನಿಸಿದರೂ.

ಇಷ್ಟೇ ಮುಖ್ಯವಾದದ್ದು ದಿನಾಂಕ. ತಾಂತ್ರಿಕ ಅಂಕಪಟ್ಟಿಗೆ ಸದಸ್ಯರ ಸಹಿ ಬಿದ್ದ ಮೇಲೆಯೇ ಆರ್ಥಿಕ ಲಕೋಟೆ ತೆರೆಯಬೇಕು. ದರ ತಿಳಿದ ನಂತರ ಅಂಕ ಹಾಕಿದರೆ ಬೇಕಾದವರನ್ನು ಗೆಲ್ಲಿಸಲು ಎಷ್ಟು ಅಂಕ ಬೇಕೆಂಬುದು ಮೊದಲೇ ಗೊತ್ತಿರುತ್ತದೆ. ತಿದ್ದಿದ ಅಂಕಿಗಳು, ಎಲ್ಲ ಸದಸ್ಯರಿಂದಲೂ ಒಂದೇ ಸಮನಾದ ಅಂಕ, ಎರಡೂ ಹಂತಗಳಿಗೆ ಒಂದೇ ದಿನಾಂಕ ಕಂಡರೆ ಲೆಕ್ಕಪರಿಶೋಧಕರ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಸದಸ್ಯರೊಬ್ಬರಿಗೆ ಭಿನ್ನಾಭಿಪ್ರಾಯವಿದ್ದರೆ ಅದೂ ನಡವಳಿಗೆ ಸೇರಬೇಕು.

ಸೋತ ಬಿಡ್‌ದಾರರು ಅಂಗೀಕಾರದ ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಗ ಹೊಸ ಕಾರಣ ಹುಡುಕಿ ತರುವುದು ಕಷ್ಟ: ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಪ್ರಮಾಣಪತ್ರದ ಮೂಲಕ ತುಂಬುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ.

ಕೊನೆಯ ಶಿಫಾರಸಿನ ಸಾಲಿನಲ್ಲಿ ಸಂಸ್ಥೆಯ ಹೆಸರು, ಒಟ್ಟು ಅಂಕ, ಮೊತ್ತದ ಜೊತೆಗೆ ಬಿಡ್ ಎಂದಿನವರೆಗೆ ಊರ್ಜಿತ ಎಂಬುದೂ ಇರಬೇಕು. ಆ ದಿನ ದಾಟಿದರೆ ‘ಬ’ ತನ್ನ 40 ಲಕ್ಷದ ಮಾತಿಗೆ ಕಟ್ಟುಬೀಳಬೇಕಿಲ್ಲ.