ಊಟದ ಬಿಡುವಿಗೊಂದು ಆಟ, ಆಟಕ್ಕೊಂದು ಮೇಲ್

ಶುಕ್ರವಾರ ಊಟದ ಬಿಡುವಿನಲ್ಲಿ ಬೋರ್ಡ್ ಗೇಮ್ ಆಡೋಣವೆಂದು ನಮ್ಮ ಆಫೀಸಿನವರಿಗೆ ಮೊದಲ ಸಲ ಮೇಲ್ ಕಳಿಸಿದಾಗ ನಾನು ಬರೆದದ್ದು ಎರಡೇ ಸಾಲು. ‘ಬೋರ್ಡ್ ಗೇಮ್ ಆಸಕ್ತರು ಒಂದು ಗಂಟೆಗೆ ಕ್ಯಾಂಟೀನಿಗೆ ಬನ್ನಿ. ಕಟಾನ್, ಕಾರ್ಕಸೋನ್, ಅಜೂಲ್ ಎಲ್ಲ ಇವೆ.’ ನೂರಕ್ಕೂ ಹೆಚ್ಚು ಜನರಿಗೆ ಹೋದ ಮೇಲ್ ನೋಡಿ ಬಂದವರು ಮೂವರು. ಆ ಮೂವರಿಗೂ ಈ ಆಟಗಳೆಲ್ಲ ಮೊದಲೇ ಗೊತ್ತಿದ್ದವು. ಮುಂದಿನ ವಾರ ಅಕೌಂಟ್ಸ್ ವಿಭಾಗದ ಹಿರಿಯ ಮೇಡಂ ಒಬ್ಬರು ಲಿಫ್ಟಿನಲ್ಲಿ ಸಿಕ್ಕಿ, ‘ಬರೋಣ ಅನ್ನಿಸಿತ್ತು ಕಣಪ್ಪ. ಆದರೆ ಅವು ಎಂಥ ಆಟ ಅಂತಲೇ ಗೊತ್ತಾಗಲಿಲ್ಲ. ನೀವೆಲ್ಲ ಆಡ್ತಿರುವಾಗ ನಾನು ಬಂದು ಸುಮ್ಮನೆ ಕೂತ್ಕೊಳ್ಲಾ?’ ಎಂದರು.

ತಪ್ಪು ಎಲ್ಲಾಗಿದೆ ಎಂದು ಆ ಮಾತಿನಿಂದ ತಿಳಿಯಿತು. ಒಂದು ಆಟವನ್ನು ಕಣ್ಣಿಂದಲೂ ನೋಡದವರಿಗೆ ತಮಗೆ ಅದರಲ್ಲಿ ಆಸಕ್ತಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ‘ಆಸಕ್ತರು’ ಎಂದ ಕೂಡಲೇ ಅವರು ಅದು ತಮಗಲ್ಲ ಎಂದುಕೊಂಡು ಮೇಲ್ ಮುಚ್ಚುತ್ತಾರೆ. ಗೊತ್ತಿಲ್ಲದ ಆಟಗಳ ಹೆಸರುಗಳನ್ನು ಸಾಲಾಗಿ ಓದಿದಾಗಲಂತೂ ಹಿಂಜರಿಕೆ ಇನ್ನೂ ಹೆಚ್ಚುತ್ತದೆ. ಹೊಸಬರನ್ನು ಕರೆಯುವ ಮೇಲ್‌ನಲ್ಲಿ ಒಂದೇ ಆಟದ ಹೆಸರಿರಬೇಕು, ಆ ಆಟದ ನಿಯಮ ಪೂರ್ತಿಯಾಗಿ ಅದೇ ಮೇಲ್‌ನಲ್ಲಿರಬೇಕು. ನಿಯಮವನ್ನು ಐದಾರು ಸಾಲಿನಲ್ಲಿ ಹೇಳಲಾಗದಿದ್ದರೆ ಆ ಆಟ ಊಟದ ಬಿಡುವಿಗೆ ಒದಗುವುದಿಲ್ಲ.

ಮೊದಲು ಸಮಯದ ಲೆಕ್ಕ ಹಾಕೋಣ. ಬಿಡುವು ಒಂದರಿಂದ ಎರಡು ಗಂಟೆಯವರೆಗೆ. ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಉಂಡು, ಕೈ ತೊಳೆದು ಬರುವಷ್ಟರಲ್ಲಿ ಒಂದೂ ಇಪ್ಪತ್ತು ದಾಟಿರುತ್ತದೆ. ಎರಡಕ್ಕೆ ಮೀಟಿಂಗ್ ಇರುವವರು ಹತ್ತು ನಿಮಿಷ ಮುಂಚೆಯೇ ಏಳಬೇಕು. ಉಳಿದ ಇಪ್ಪತ್ತೈದು ನಿಮಿಷದಲ್ಲೇ ಆಟ ಕಲಿತು, ಆಡಿ ಮುಗಿಸಬೇಕು. ಮನೆಯಲ್ಲಿ ಎಲ್ಲರೂ ಆಡಿರುವ ಬಿಸಿನೆಸ್ ಆಟ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಅದು ಗಂಟೆಗಟ್ಟಲೆ ಎಳೆಯುತ್ತದೆ, ದುಡ್ಡು ಕಳೆದುಕೊಂಡವರು ಉಳಿದವರ ಆಟ ನೋಡುತ್ತ ಕೂರಬೇಕಾಗುತ್ತದೆ. ಚೌಕಾಬಾರ ನನಗೆ ಪ್ರಾಣ. ಆದರೂ ಹಣ್ಣಾಗಲು ಒಂದೇ ಮನೆ ಬಾಕಿ ಇರುವ ಕಾಯಿಯನ್ನು ಯಾರಾದರೂ ಹೊಡೆದರೆ ಮತ್ತೆ ಮೊದಲಿಂದ ಸುತ್ತಬೇಕು, ಯಾವಾಗ ಮುಗಿಯುತ್ತದೆಂದು ಹೇಳಲಾಗದು. ಚದುರಂಗದಲ್ಲಿ ಬಲ್ಲವರ ಎದುರು ಹೊಸಬರು ನಾಲ್ಕೇ ನಡೆಗೆ ಸೋಲಬಹುದು.

ಎರಡನೇ ಸಲ ನಾನು ಆರಿಸಿಕೊಂಡದ್ದು ಜರ್ಮನಿಯ ಥಾರ್ಸ್ಟನ್ ಗಿಮ್ಲರ್ ರೂಪಿಸಿದ, 2004ರಲ್ಲಿ ಬಂದ ‘ನೋ ಥ್ಯಾಂಕ್ಸ್’ ಎಂಬ ಆಟ. ಬೋರ್ಡ್ ಇಲ್ಲ, ಅಂಕಿ ಬರೆದ ಕಾರ್ಡುಗಳು ಮತ್ತು ಬಿಲ್ಲೆಗಳು ಮಾತ್ರ. ಕಾರ್ಡಿನಲ್ಲಿ ಅಂಕಿಗಳಷ್ಟೇ ಇರುವುದರಿಂದ ಭಾಷೆಯ ತೊಡಕಿಲ್ಲ. ಡಬ್ಬ ಕೊಳ್ಳುವ ಮೊದಲು ಹಳೆಯ ವಿಸಿಟಿಂಗ್ ಕಾರ್ಡುಗಳ ಹಿಂಬದಿಯಲ್ಲಿ 3ರಿಂದ 35ರವರೆಗೆ ಬರೆದು, ಬಿಲ್ಲೆಯ ಬದಲು ಹುಣಸೆ ಬೀಜ ಇಟ್ಟುಕೊಂಡು ಮನೆಯಲ್ಲೇ ಆಡಿ ನೋಡಿದೆ. ಚೆನ್ನಾಗಿ ನಡೆಯಿತು. ಆಮೇಲೆ ಈ ಮೇಲ್ ಬರೆದೆ:

ವಿಷಯ: ಶುಕ್ರವಾರ 1.20ಕ್ಕೆ ಒಂದು ಸಣ್ಣ ಆಟ, 1.50ಕ್ಕೆ ಮುಕ್ತಾಯ

ನಮಸ್ಕಾರ,

ಈ ಶುಕ್ರವಾರ ಊಟ ಮುಗಿಸಿ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿಗೆ ಬನ್ನಿ. ‘ನೋ ಥ್ಯಾಂಕ್ಸ್’ ಆಡೋಣ. ಇದನ್ನು ಒಮ್ಮೆಯೂ ಆಡದವರಿಗಾಗಿಯೇ ಈ ಆಟ ಇಟ್ಟಿದ್ದೇವೆ.

ಆಟ ಇಷ್ಟೇ: ಎಲ್ಲರ ಕೈಯಲ್ಲೂ 11 ಬೀಜ. ಮೇಜಿನ ಮೇಲೆ ಒಂದು ಕಾರ್ಡ್ ತೆರೆಯುತ್ತೇವೆ. ನಿಮ್ಮ ಸರದಿ ಬಂದಾಗ ಒಂದು ಬೀಜ ಕೊಟ್ಟು ‘ಬೇಡ’ ಎನ್ನಬಹುದು, ಇಲ್ಲವೇ ಕಾರ್ಡನ್ನೂ ಅದರ ಮೇಲೆ ಸೇರಿದ ಬೀಜಗಳನ್ನೂ ತೆಗೆದುಕೊಳ್ಳಬಹುದು. ಕಾರ್ಡಿನಲ್ಲಿರುವ ಅಂಕಿ ನಿಮಗೆ ದಂಡ. ಕೊನೆಗೆ ಉಳಿದ ಒಂದೊಂದು ಬೀಜಕ್ಕೂ ಒಂದು ದಂಡ ಕಡಿಮೆ. ಒಂದರ ಹಿಂದೊಂದು ಬರುವ ಅಂಕಿಗಳು ನಿಮ್ಮಲ್ಲಿದ್ದರೆ ಅವುಗಳಲ್ಲಿ ಚಿಕ್ಕದು ಮಾತ್ರ ಲೆಕ್ಕಕ್ಕೆ. ಕಡಿಮೆ ದಂಡದವರು ಗೆದ್ದರು.

ಜಾಗ ಎಂಟು ಜನರಿಗೆ. ಬುಧವಾರ ಸಂಜೆಯೊಳಗೆ ನನಗೊಬ್ಬನಿಗೇ ‘ಬರ್ತೀನಿ’ ಎಂದು ಉತ್ತರಿಸಿದರೆ ಸಾಕು. ಆಡದೆ ಸುಮ್ಮನೆ ನೋಡಲು ಬರುವುದಾದರೂ ಸರಿ.

ಈ ಮೇಲನ್ನು ಮಂಗಳವಾರ ಬೆಳಿಗ್ಗೆ ನಮ್ಮ ಮಹಡಿಯ ಮೂವತ್ತು ಚಿಲ್ಲರೆ ಜನರಿಗೆ ಮಾತ್ರ ಕಳಿಸಿದೆ. ಮುಗಿಯುವ ಹೊತ್ತನ್ನು ವಿಷಯದ ಸಾಲಿನಲ್ಲೇ ಹಾಕಿದ್ದು ಬೇಕೆಂದೇ. ಸಿಕ್ಕಿಹಾಕಿಕೊಳ್ಳುತ್ತೇನೆ ಎಂಬ ಅಳುಕಿಲ್ಲದಿದ್ದರೆ ಜನ ಬರುತ್ತಾರೆ. ‘ನನಗೊಬ್ಬನಿಗೇ’ ಎಂದದ್ದಕ್ಕೂ ಕಾರಣವಿದೆ. ಎಲ್ಲರಿಗೂ ಕಾಣುವಂತೆ ಉತ್ತರಿಸಬೇಕೆಂದರೆ ಹೊಸಬರು ಹಿಂದೇಟು ಹಾಕುತ್ತಾರೆ, ಮೇಲಧಿಕಾರಿ ಬರುತ್ತಾರೋ ಇಲ್ಲವೋ ಎಂದು ಕಾಯುತ್ತಾರೆ.

ಏಳು ಉತ್ತರ ಬಂದವು. ಅದರಲ್ಲಿ ಅಕೌಂಟ್ಸ್ ಮೇಡಂ ಅವರದ್ದೂ ಇತ್ತು.

ಆ ಏಳು ಜನರ ಜೊತೆ ನಾನೂ ಸೇರಿ, ನಾಲ್ಕು ನಾಲ್ಕು ಜನರಂತೆ ಎರಡು ಮೇಜಿಗೆ ಕೂತೆವು. ಎಂಟು ಜನ ಒಂದೇ ಮೇಜಿಗೆ ಕೂತರೆ ಸರದಿ ಬರುವಷ್ಟರಲ್ಲಿ ಗಮನ ಫೋನಿನ ಕಡೆ ಹೋಗಿರುತ್ತದೆ. ಮೂವತ್ತಮೂರು ಕಾರ್ಡು ಕಲಸಿ, ಒಂಬತ್ತನ್ನು ಯಾರೂ ನೋಡದಂತೆ ಪಕ್ಕಕ್ಕಿಟ್ಟೆವು. ಆಟಕ್ಕೆ ಉಳಿದದ್ದು ಇಪ್ಪತ್ತನಾಲ್ಕು.

ಮೊದಲು ಬಂದದ್ದೇ 33. ಯಾರಿಗೂ ಬೇಡ. ಎರಡು ಸುತ್ತು ಬಂದು ಕಾರ್ಡಿನ ಮೇಲೆ ಎಂಟು ಬೀಜ ಕೂಡಿದವು. ಮೇಡಂ ಒಂದು ಕ್ಷಣ ನೋಡಿ ಅದನ್ನೆತ್ತಿಕೊಂಡರು. ನೋಡಿದವರಿಗೆ 33 ದಂಡವೆಂದು ಕಂಡರೂ ಎಂಟು ಬೀಜ ಕಳೆದರೆ ಇಪ್ಪತ್ತೈದೇ. ಸ್ವಲ್ಪ ಹೊತ್ತಿನಲ್ಲಿ 32 ತೆರೆಯಿತು. ಅದನ್ನು ತೆಗೆದುಕೊಂಡರೆ ಮೇಡಂಗೆ ನಷ್ಟವಿಲ್ಲ, 33ರ ಬದಲು 32 ಲೆಕ್ಕವಾಗಿ ಒಂದು ದಂಡ ಇಳಿಯುತ್ತದೆ. ಆದರೂ ಅವರು ಬೀಜ ಹಾಕಿ ‘ಬೇಡ’ ಎಂದರು. ನಾವು ಮೂವರೂ ಬೀಜ ಹಾಕದೆ ವಿಧಿಯಿರಲಿಲ್ಲ. ಮತ್ತೊಂದು ಸುತ್ತು ಹಾಗೇ ಆಯಿತು. ಮೂರನೇ ಸಲ ಕಾರ್ಡನ್ನೂ ಎಂಟು ಬೀಜಗಳನ್ನೂ ತಮ್ಮತ್ತ ಎಳೆದುಕೊಂಡರು. ಅವರದೇ ಎರಡು ಬಿಟ್ಟರೂ ಆರು ಲಾಭ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಲವು ಎಡವಟ್ಟುಗಳನ್ನೂ ಹೇಳಬೇಕು. ಹೊಸಬರು ಸಣ್ಣ ಅಂಕಿಗೂ ‘ಬೇಡ’ ಎನ್ನುತ್ತ ಬೀಜ ಖಾಲಿ ಮಾಡಿಕೊಳ್ಳುತ್ತಾರೆ. ಬೀಜವಿಲ್ಲದವರು ಬಂದ ಕಾರ್ಡನ್ನು ತೆಗೆದುಕೊಳ್ಳಲೇಬೇಕು, 35 ಆದರೂ. ನಮ್ಮ ಮೇಜಿನ ಹುಡುಗನೊಬ್ಬನಿಗೆ ಹೀಗಾಗಿ ಮುಖ ಸಣ್ಣದಾಯಿತು. ಈಗ ಕಲಿಸುವಾಗ ಮೊದಲ ಎರಡು ಕಾರ್ಡುಗಳನ್ನು ಲೆಕ್ಕಕ್ಕಿಲ್ಲದ ಆಟವಾಗಿ ಆಡಿಸಿ, ಬೀಜ ತೀರಿದರೆ ಏನಾಗುತ್ತದೆಂದು ತೋರಿಸಿಬಿಡುತ್ತೇನೆ. ಇನ್ನೊಂದು ಮೇಜಿನಲ್ಲಿ ಆಟ ಬಲ್ಲವರೊಬ್ಬರು ಪ್ರತಿಯೊಬ್ಬರಿಗೂ ‘ತಗೋ, ಬೇಡ ಅನ್ನು’ ಎಂದು ಹೇಳಿಕೊಡುತ್ತ ಕೂತಿದ್ದರು. ಆ ಮೇಜಿನಲ್ಲಿ ನಗು ಕಡಿಮೆಯಿತ್ತು. ಕೇಳದೆ ಹೇಳಬಾರದು ಎಂದು ಮುಂದಿನ ವಾರದಿಂದ ಬಲ್ಲವರಿಗೆ ಮೊದಲೇ ಹೇಳಿಡುತ್ತಿದ್ದೇನೆ. ತಡವಾಗಿ ಬಂದವರನ್ನು ನಡುವೆ ಸೇರಿಸಲು ಬರುವುದಿಲ್ಲ, ಅವರನ್ನು ಒಬ್ಬರ ಜೊತೆ ಜೋಡಿಯಾಗಿ ಕೂರಿಸುತ್ತೇವೆ. ಒಂದೂ ಐವತ್ತಕ್ಕೆ ಕಾರ್ಡು ಉಳಿದಿದ್ದರೂ ಅಲ್ಲಿಗೆ ನಿಲ್ಲಿಸಿ ದಂಡ ಕೂಡುತ್ತೇವೆ. ಹೊತ್ತಿನ ಮಾತು ಒಮ್ಮೆ ತಪ್ಪಿದರೆ ಮುಂದಿನ ಮೇಲನ್ನು ಯಾರೂ ನಂಬುವುದಿಲ್ಲ.

ಅವತ್ತು ಗೆದ್ದದ್ದು ಮೇಡಂ ಅಲ್ಲ, ಅವರಿಗೆ ಎರಡನೇ ಸ್ಥಾನ. ಕೊನೆಯಲ್ಲಿ ಬಂದ 29 ಅವರ ಲೆಕ್ಕ ಕೆಡಿಸಿತು. ಕಾರ್ಡು ಜೋಡಿಸುತ್ತ, ‘ಆ ಪಕ್ಕಕ್ಕಿಟ್ಟ ಒಂಬತ್ತರಲ್ಲಿ 30, 31 ಇದ್ದವಾ ನೋಡು’ ಎಂದರು. ತೆರೆದು ನೋಡಿದೆ. ಎರಡೂ ಅಲ್ಲೇ ಇದ್ದವು.